ಅಕ್ರಿಲಿಕ್ ಡಬ್ಬಿ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿರುಕು

ಪ್ರಶ್ನೆ: ನೀರಿನ ಟ್ಯಾಂಕ್ ಮಟ್ಟ ನೋಡೋ ಸೆನ್ಸರ್‌ಗೆ ಫ್ಯೂಷನ್‌ನಲ್ಲಿ ಡಬ್ಬಿ ಡಿಸೈನ್ ಮಾಡಿದ್ದೀನಿ. ಅದೇ ನಕ್ಷೆ ಪ್ರಿಂಟ್ ತೆಗೆದು ರಟ್ಟಿನಲ್ಲಿ ಕಟ್ಟರ್‌ನಿಂದ ಕತ್ತರಿಸಿದಾಗ ಚೆನ್ನಾಗಿ ಕೂತಿತ್ತು. 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಲೇಸರ್ ಕಟ್ ಮಾಡಿಸಿದರೆ ಎಲ್ಲಾ ಲೊಡಲೊಡ. ಸ್ಲಾಟ್ 3ರಿಂದ 2.5ಕ್ಕೆ ಇಳಿಸಿದೆ, ಈಗ ಒಂದು ಪ್ಯಾನೆಲ್ ಸರಿಯಾಗಿ ಕೂತಿತು, ಇನ್ನೊಂದು ಒತ್ತುವಾಗ ಸೀಳಿತು. ಅಂಟು ಹಾಕೋಕೆ ಇಷ್ಟವಿಲ್ಲ. ಎಷ್ಟು ಇಡಬೇಕು?

ಉತ್ತರ:

ಸ್ಲಾಟ್ ಅಗಲ ಎಷ್ಟೇ ಇಟ್ಟರೂ ಇದು ಬಗೆಹರಿಯೋದು ಕಷ್ಟ. ಬಿಗಿ ಬರಬೇಕಾದ ಜಾಗ ಅದಲ್ಲ.

ಮೊದಲು ರಟ್ಟು ಯಾಕೆ ಕೂತಿತು ಅಂತ ನೋಡಿ. ಕಟ್ಟರ್ ಬ್ಲೇಡ್ ರಟ್ಟನ್ನು ಸೀಳುತ್ತೆ ಅಷ್ಟೇ, ಪುಡಿ ಮಾಡಿ ತೆಗೆಯಲ್ಲ. ನೀವು ಎಳೆದ ಗೆರೆ ಎಷ್ಟಿದೆಯೋ ತೂತು ಅಷ್ಟೇ ಆಗುತ್ತೆ. ಮೇಲಾಗಿ ಸ್ಲಾಟ್ ಸ್ವಲ್ಪ ಚಿಕ್ಕದಾದರೂ ರಟ್ಟಿನೊಳಗಿನ ಅಲೆಅಲೆ ಪದರ ಕುಗ್ಗಿ ಜಾಗ ಕೊಡುತ್ತೆ. ಲೇಸರ್ ಹಾಗಲ್ಲ, ಗರಗಸದ ಹಾಗೆ ತಾನು ಹೋದ ದಾರಿಯನ್ನು ತಿಂದುಕೊಂಡು ಹೋಗುತ್ತೆ. ಆ ತಿಂದ ಅಗಲಕ್ಕೇ ಕರ್ಫ್ ಅನ್ನೋದು. ಕಿರಣ ಗೆರೆಯ ನಡುವೆ ಓಡೋದರಿಂದ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಹೋಗುತ್ತೆ. ಹಾಗಾಗಿ ಪ್ರತಿ ತೂತು ಒಂದು ಕರ್ಫ್‌ನಷ್ಟು ದೊಡ್ಡದಾಗುತ್ತೆ, ಪ್ಯಾನೆಲ್ ಅಂಚಿನಿಂದ ಚಾಚಿ ಸ್ಲಾಟ್‌ಗೆ ಹೋಗೋ ಪ್ರತಿ ಹಲ್ಲು ಒಂದು ಕರ್ಫ್‌ನಷ್ಟು ಸಣ್ಣದಾಗುತ್ತೆ. ಅಕ್ರಿಲಿಕ್ಕೋ, ಕುಗ್ಗೋ ಜಾತಿಯೇ ಅಲ್ಲ.

ಇನ್ನು ಸೀಳಿದ್ದು. 3 ಮಿ.ಮೀ. ಅಂತ ಕೊಡೋ ಶೀಟ್ ನಿಜವಾಗಿ 3 ಇರೋದು ಅಪರೂಪ. ನನ್ನ ಹತ್ತಿರ ಇರೋ ಒಂದು ತುಂಡನ್ನು ವರ್ನಿಯರ್‌ನಲ್ಲಿ ಅಳೆದಾಗ ಒಂದು ಅಂಚಿನಲ್ಲಿ 2.72, ಎದುರು ಅಂಚಿನಲ್ಲಿ 2.91 ಬಂತು. ನಿಮ್ಮ 2.5 ಸ್ಲಾಟ್ ಲೇಸರ್ ತಿಂದ ಮೇಲೆ ಸುಮಾರು 2.7 ಆಗಿರುತ್ತೆ. ತೆಳ್ಳಗಿನ ಅಂಚಿಂದ ಬಂದ ಪ್ಯಾನೆಲ್ ಕೂತಿತು, ದಪ್ಪ ಅಂಚಿಂದ ಬಂದದ್ದು ಸೀಳಿತು. ಅಳೆಯುವಾಗ ಮೇಲಿನ ಪೇಪರ್ ಕಿತ್ತು ಅಳೀರಿ. ಎರಡೂ ಬದಿ ಪೇಪರ್ ಇಟ್ಟು ಅಳೆದು, 'ಸರಿಯಾಗಿ 3 ಇದೆಯಲ್ಲ' ಅಂತ ಮೋಸ ಹೋದವನು ನಾನೇ.

ಒಂದು ಹಲ್ಲು ಒಂದು ಸ್ಲಾಟ್‌ಗೆ ಹೋಗುವಾಗ ಎರಡು ಅಳತೆ ಸೇರಬೇಕು. ಸ್ಲಾಟ್‌ನ ಅಗಲಕ್ಕೆ ಎದುರಿನ ಶೀಟಿನ ದಪ್ಪ ಸೇರುತ್ತೆ, ಈ ದಪ್ಪ ನಿಮ್ಮ ಕೈಯಲ್ಲಿಲ್ಲ, ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೆ. ಸ್ಲಾಟ್‌ನ ಉದ್ದಕ್ಕೆ ಹಲ್ಲಿನ ಅಗಲ ಸೇರುತ್ತೆ, ಇವೆರಡನ್ನೂ ಲೇಸರೇ ಕತ್ತರಿಸಿರುತ್ತೆ. ಹಾಗಾಗಿ ದಪ್ಪದ ದಿಕ್ಕಿನಲ್ಲಿ ಧಾರಾಳವಾಗಿ ಸಡಿಲ ಬಿಡಿ, ಬಿಗಿಯನ್ನು ಹಲ್ಲಿನ ಅಗಲದಲ್ಲಿ ತನ್ನಿ.

ಅದಕ್ಕೆ ಕರ್ಫ್ ಗೊತ್ತಿರಬೇಕು. ಅದೇ ಅಂಗಡಿ, ಅದೇ ಶೀಟ್‌ನಲ್ಲಿ 100 ಮಿ.ಮೀ. ಉದ್ದದ ಪಟ್ಟಿಯನ್ನು 10 ಮಿ.ಮೀ.ಗೊಂದು ಗೆರೆ ಹಾಕಿ ಹತ್ತು ತುಂಡು ಮಾಡಿಸಿ. ಎರಡು ತುಂಡಿನ ನಡುವೆ ಒಂದೇ ಗೆರೆ ಇರಲಿ, ಎರಡು ಬೇಡ. ಹತ್ತೂ ತುಂಡನ್ನು ಒತ್ತಿ ಸೇರಿಸಿ ಒಟ್ಟು ಉದ್ದ ಅಳೀರಿ. ಒಳಗಿನ ಒಂಬತ್ತು ಗೆರೆಗೆ ಒಂಬತ್ತು ಕರ್ಫ್, ಎರಡು ತುದಿಗೆ ಅರ್ಧರ್ಧ, ಒಟ್ಟು ಹತ್ತು ಕರ್ಫ್ ಹೋಗಿರುತ್ತೆ. ನನಗೆ 98.0 ಬಂತು. 2.0 ಮಿ.ಮೀ.ಯನ್ನು ಹತ್ತರಿಂದ ಭಾಗಿಸಿದರೆ 0.2. ಒಂದೇ ತುಂಡು ಅಳೆದರೆ ವರ್ನಿಯರ್‌ನ ತಪ್ಪೇ ಉತ್ತರವನ್ನು ನುಂಗಿಬಿಡುತ್ತೆ, ಅದಕ್ಕೇ ಹತ್ತು.

ಫ್ಯೂಷನ್‌ನಲ್ಲಿ ಮಾಡಿಫೈ ಮೆನುವಿನ ಚೇಂಜ್ ಪ್ಯಾರಾಮೀಟರ್ಸ್‌ಗೆ ಹೋಗಿ ಇವನ್ನು ಸೇರಿಸಿ. ಸ್ಕೆಚ್‌ನಲ್ಲಿ ಅಂಕಿ ಬರೆಯೋ ಬದಲು ಈ ಹೆಸರುಗಳನ್ನೇ ಬರೀರಿ:

```
dappa = 2.9 mm
kerf = 0.2 mm
bigi = 0.05 mm
slot_agala = dappa + 0.1 mm - kerf
slot_udda = 10 mm - kerf
hallu_agala = 10 mm + bigi + kerf
```

ದಪ್ಪ ಅಂದರೆ ನೀವು ಅಳೆದದ್ದರಲ್ಲಿ ಅತಿ ಹೆಚ್ಚು ಬಂದದ್ದು. ನನ್ನ ಅಂಕಿಗಳಿಗೆ ಸ್ಲಾಟ್ 2.8 x 9.8, ಹಲ್ಲು 10.25 ಅಂತ ನಕ್ಷೆಯಲ್ಲಿ ಬರುತ್ತೆ. ಕತ್ತರಿಸಿದ ಮೇಲೆ ಸ್ಲಾಟ್ 3.0 x 10.0, ಹಲ್ಲು 10.05 ಆಗುತ್ತೆ. ಆ 0.05 ಮಿ.ಮೀ. ಹೆಚ್ಚಿಗೆಯೇ ಡಬ್ಬಿಯನ್ನು ಹಿಡಿಯೋದು. ಅಕ್ರಿಲಿಕ್‌ಗೆ ಇದಕ್ಕಿಂತ ಹೆಚ್ಚು ಬಿಗಿ ಕೊಡೋಕೆ ನನಗಂತೂ ಧೈರ್ಯ ಇಲ್ಲ. ಒಂದು ಬದಿಯಲ್ಲಿ ನಾಲ್ಕು ಹಲ್ಲಿದ್ದರೆ ನಾಲ್ಕಕ್ಕೂ ಬಿಗಿ ಕೊಡಬೇಡಿ, ತುದಿಯ ಎರಡಕ್ಕೆ ಮಾತ್ರ ಕೊಟ್ಟು ನಡುವಿನವನ್ನು 0.1 ಸಡಿಲ ಬಿಡಿ.

ಇಡೀ ಡಬ್ಬಿಗೆ ಮುಂಚೆ ಒಂದು ಹಲ್ಲು ಮತ್ತು 9.70, 9.75, 9.80, 9.85, 9.90 ಉದ್ದದ ಐದು ಸ್ಲಾಟ್ ಇರೋ ಸಣ್ಣ ಪಟ್ಟಿ ಮಾಡಿಸಿ. ಹೆಬ್ಬೆರಳಿನಿಂದ ಒತ್ತಿದರೆ ಹೋಗಬೇಕು, ತಲೆಕೆಳಗು ಮಾಡಿ ಕೊಡವಿದರೆ ಬೀಳಬಾರದು. ಆ ಸ್ಲಾಟ್‌ನ ಅಂಕಿಯೇ ನಿಮ್ಮದು. ಹಾಕುವಾಗ ಎಲ್ಲ ತುಂಡುಗಳಲ್ಲೂ ಲೇಸರ್ ಬಿದ್ದ ಬದಿ ಹೊರಗಡೆಗೇ ಇರಲಿ. ಲೇಸರ್ ಸೀಳು ಮೇಲೆ ಅಗಲ, ಕೆಳಗೆ ಕಿರಿದು ಇರುತ್ತೆ, ಒಂದನ್ನು ಮಗುಚಿ ಹಾಕಿದರೆ ಬಿಗಿ ಬೇರೆಯಾಗುತ್ತೆ.

ಅಂಗಡಿಯವರನ್ನು ಒಂದು ಮಾತು ಕೇಳಲೇಬೇಕು, 'ಕರ್ಫ್ ಆಫ್‌ಸೆಟ್ ಹಾಕ್ತೀರಾ?' ಅಂತ. ಲೇಸರ್ ತಿನ್ನೋ ಅಗಲಕ್ಕೆ ತಕ್ಕಂತೆ ಗೆರೆಯನ್ನು ಸರಿಸೋದಕ್ಕೇ ಹಾಗನ್ನೋದು. ಒಮ್ಮೆ ನಾನು ನಕ್ಷೆಯಲ್ಲಿ ಹಾಕಿದ್ದೆ, ಅವರೂ ತಮ್ಮ ಸಾಫ್ಟ್‌ವೇರ್‌ನಲ್ಲಿ ಹಾಕಿದ್ದರು. ಹಲ್ಲು ಒಂದೂ ಒಳಗೆ ಹೋಗಲಿಲ್ಲ. ಅರ್ಧ ಸಂಜೆ ಮರಳು ಕಾಗದದಲ್ಲಿ ಉಜ್ಜಿ, ಕೊನೆಗೆ ಸಿಟ್ಟಿನಲ್ಲಿ ಒತ್ತಿ ಎರಡು ಪ್ಯಾನೆಲ್ ಮುರಿದೆ.

ಬಿರುಕು ಎಲ್ಲಿಂದ ಶುರುವಾಯಿತು ಅಂತ ಬೆಳಕಿಗೆ ಹಿಡಿದು ನೋಡಿ. ಸ್ಲಾಟ್‌ನ ಚೂಪು ಮೂಲೆಯಿಂದ ಶುರುವಾಗಿದ್ದರೆ, ನಾಲ್ಕೂ ಮೂಲೆಗೆ ಅರ್ಧ ಮಿ.ಮೀ. ತ್ರಿಜ್ಯದ ಸಣ್ಣ ದುಂಡು ತೂತು ಕೊಡಿ, ಒತ್ತಡ ಒಂದೇ ಬಿಂದುವಿಗೆ ಬೀಳಲ್ಲ. ಕತ್ತರಿಸಿದ ಅಂಚುಗಳ ಮೇಲೆ ಕೂದಲೆಳೆಯಂಥ ಹತ್ತಾರು ಗೆರೆ ಇದ್ದರೆ ಅದು ಬೇರೆ ಕಥೆ, ಸ್ಪಿರಿಟ್ ಅಥವಾ ಸ್ಯಾನಿಟೈಸರ್‌ನಿಂದ ಒರೆಸಿರುತ್ತೀರಿ. ಲೇಸರ್ ಶಾಖದಿಂದ ಅಂಚಿನಲ್ಲಿ ಒತ್ತಡ ಉಳಿದಿರುತ್ತೆ, ಆಲ್ಕೋಹಾಲ್ ತಾಗಿದರೆ ಅದು ಬಿರುಕಾಗಿ ಹೊರಬರುತ್ತೆ. ಸೋಪು ನೀರು ಸಾಕು.

ಮುಂದಿನ ಆವೃತ್ತಿಗೂ ರಟ್ಟಿನಲ್ಲಿ ಮೊದಲು ಮಾಡಿ ನೋಡೋದು ಒಳ್ಳೇದೇ. ಬೋರ್ಡ್ ಕೂರುತ್ತಾ, ಯುಎಸ್‌ಬಿ ಪಿನ್ ಹೊರಗಿಂದ ತಲುಪುತ್ತಾ, ಸೆನ್ಸರ್‌ನ ಎರಡು ಕಣ್ಣು ತೂತಿಗೆ ಸರಿಯಾಗಿ ಬರುತ್ತಾ ಅಂತ ತಿಳಿಯೋಕೆ ಅದಕ್ಕಿಂತ ಅಗ್ಗದ್ದು ಇಲ್ಲ. ಆದರೆ ಅಲ್ಲಿ ಬಿಗಿ ಹೇಗಿತ್ತು ಅನ್ನೋದನ್ನು ಅಕ್ರಿಲಿಕ್‌ಗೆ ತರಬೇಡಿ. ರಟ್ಟಿಗೆ ಮಾತ್ರ ಪ್ಯಾರಾಮೀಟರ್ ಬದಲಿಸಿ: ಕರ್ಫ್ ಸೊನ್ನೆ, ಸ್ಲಾಟ್ ಅಗಲ ರಟ್ಟಿನ ದಪ್ಪಕ್ಕಿಂತ ಅರ್ಧ ಮಿ.ಮೀ. ಕಡಿಮೆ. ಹಲ್ಲು ಚಾಚಿರೋ ದಿಕ್ಕಿಗೇ ರಟ್ಟಿನೊಳಗಿನ ಕೊಳವೆಗಳು ಓಡಬೇಕು, ಅಡ್ಡ ಬಂದರೆ ಒತ್ತಿದ ತಕ್ಷಣ ಹಲ್ಲು ಮಡಚಿಕೊಳ್ಳುತ್ತೆ.

ನಿಮ್ಮದು ಟ್ಯಾಂಕ್ ಅಂದಿದ್ದೀರಿ. ಹೀಗೆ ಒತ್ತಿ ಕೂರಿಸಿದ ಡಬ್ಬಿ ಎಷ್ಟೇ ಬಿಗಿ ಇದ್ದರೂ ಆವಿಯನ್ನು ತಡೆಯಲ್ಲ. ಟ್ಯಾಂಕಿನ ಒಳಗೆ ಸೆನ್ಸರ್ ಮಾತ್ರ ಇಣುಕಲಿ, ಬೋರ್ಡ್ ಇರೋ ಡಬ್ಬಿ ಮುಚ್ಚಳದ ಹೊರಗೆ ನೆರಳಲ್ಲಿ ಇರಲಿ. ಮತ್ತೆ ಮತ್ತೆ ತೆಗೆಯೋ ಮೇಲಿನ ಪ್ಯಾನೆಲ್‌ಗೆ ಬಿಗಿ ಹಲ್ಲು ಬೇಡ, ಅದೊಂದಕ್ಕೆ ಎಂ3 ಸ್ಕ್ರೂ ಹಾಕಿ.