ಬ್ಯಾಂಕಿನ ಅಪ್ರೈಸಲ್ ನೋಟ್‌ನ ಮೂರು ಲೆಕ್ಕಗಳು

ನನ್ನ ಸಾಲದ ಅಪ್ರೈಸಲ್ ನೋಟ್ ಇಂಗ್ಲಿಷ್‌ನಲ್ಲಿದೆ. ಮಾರ್ಜಿನ್ ಶೇ 25, ಕರೆಂಟ್ ರೇಶಿಯೋ 1.33, ಡಿಎಸ್‌ಸಿಆರ್ 1.5 ಅಂದ್ರೆ ಏನು?

ಮಾರ್ಜಿನ್ ಅಂದರೆ ನೀವು ಕೈಯಿಂದ ಹಾಕಬೇಕಾದ ಪಾಲು. ಕರೆಂಟ್ ರೇಶಿಯೋ ಅಂದರೆ ವರ್ಷದೊಳಗೆ ದುಡ್ಡಾಗುವ ಆಸ್ತಿ, ವರ್ಷದೊಳಗೆ ತೀರಿಸಬೇಕಾದ ಬಾಕಿಯ ಎಷ್ಟು ಪಟ್ಟು ಅನ್ನೋದು. ಡಿಎಸ್‌ಸಿಆರ್ ಅಂದರೆ ವರ್ಷದ ಗಳಿಕೆ, ಆ ವರ್ಷದ ಕಂತು-ಬಡ್ಡಿಯ ಎಷ್ಟು ಪಟ್ಟು ಅನ್ನೋದು.

ಮೊದಲ ಎರಡೂ ಒಂದೇ ಲೆಕ್ಕ. ಅಂಗಡಿಯ ಸರಕು, ಗಿರಾಕಿಗಳ ಬಾಕಿ ಸೇರಿ 8 ಲಕ್ಷ ಅನ್ನಿ. ಶೇ 25 ಮಾರ್ಜಿನ್, ಅಂದರೆ 2 ಲಕ್ಷ ನಿಮ್ಮದು. ಉಳಿದ 6 ಲಕ್ಷ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ. 8ನ್ನು 6ರಿಂದ ಭಾಗಿಸಿದರೆ 1.33. ಆ 2 ಲಕ್ಷವನ್ನೂ ಆರು ತಿಂಗಳ ಕೈಸಾಲವಾಗಿ ತಂದರೆ 8 ಲಕ್ಷಕ್ಕೆ 8 ಲಕ್ಷ ಬಾಕಿ, ರೇಶಿಯೋ 1ಕ್ಕೆ ಇಳಿಯುತ್ತದೆ. ಹಾಗಾಗಿಯೇ ಮಾರ್ಜಿನ್ ದುಡ್ಡು ಎಲ್ಲಿಂದ ಬಂತು ಅಂತ ಮ್ಯಾನೇಜರ್ ಕೇಳೋದು.

ಡಿಎಸ್‌ಸಿಆರ್ ನೋಡುವುದು ಮೆಷಿನ್, ಕಟ್ಟಡದಂಥ ಕಂತಿನ ಸಾಲಕ್ಕೆ. ತೆರಿಗೆ ಕಳೆದ ಲಾಭಕ್ಕೆ ಸವಕಳಿ ಮತ್ತು ಆ ಸಾಲದ ಬಡ್ಡಿಯನ್ನು ಮತ್ತೆ ಕೂಡಿಸುತ್ತಾರೆ. ಸವಕಳಿ ಬರೀ ಪುಸ್ತಕದ ಖರ್ಚು, ದುಡ್ಡು ಹೊರಗೆ ಹೋಗಿರಲ್ಲ ಅಲ್ವಾ? ಹಾಗೆ 3 ಲಕ್ಷ ಬಂದು, ಕಂತು-ಬಡ್ಡಿ 2 ಲಕ್ಷವಾದರೆ 1.5. ಅಷ್ಟು ಬಾರದಿದ್ದರೆ ಅವಧಿ ಹೆಚ್ಚಿಸಲು ಕೇಳಿ. ವರ್ಷದ ಕಂತು ಇಳಿಯುತ್ತದೆ, ಆದರೆ ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ.