ಆಕೆ ಹೌದು ಅಂತಾರೆ, ಆತ ಇಲ್ಲ ಅಂತಾರೆ: ಐಸಿ ವರದಿ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ಆಫೀಸಿನ ಐಸಿಗೆ, ಅಂದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ, ನನ್ನನ್ನು ಹಾಕಿದ್ದಾರೆ. ಮೊದಲ ದೂರಿಗೇ ಕಣ್ಣಾರೆ ಕಂಡವರು ಯಾರೂ ಇಲ್ಲ. ವರದಿಯಲ್ಲಿ ಏನಂತ ಬರೆಯೋದು?

ಕಂಡವರಿಲ್ಲ ಅಂದ ಮಾತ್ರಕ್ಕೆ ‘ಸಾಬೀತಾಗಿಲ್ಲ’ ಎಂದು ಬರೆದುಬಿಡಬೇಡಿ. ಇಂಥದ್ದು ನಡೆಯುವುದೇ ಯಾರೂ ನೋಡದ ಹೊತ್ತಿನಲ್ಲಿ, ಅಲ್ವಾ? ಕ್ರಿಮಿನಲ್ ಕೋರ್ಟಿಗೆ ಬೇಕಾದಷ್ಟು ಗಟ್ಟಿ ಸಾಕ್ಷ್ಯ ಇಲ್ಲಿ ಬೇಕಿಲ್ಲ. ಯಾವುದು ನಡೆದಿರುವ ಸಾಧ್ಯತೆ ಜಾಸ್ತಿ ಎಂದು ತೂಗಿ ನೋಡಬೇಕು. ಹೇಗೆ ತೂಗಿದಿರಿ ಅನ್ನುವುದು ವರದಿಯಲ್ಲಿ ಕಾಣಬೇಕು.

ನಾನು ಹೊರಗಿನ ಸದಸ್ಯೆಯಾಗಿ ಕೂತ ಒಂದು ದೂರು ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆರೋಪ ಮೂರು: ಟೀಮ್ ಲೀಡ್ ರಾತ್ರಿ ಹೊತ್ತು ಅಸಭ್ಯ ಮೆಸೇಜ್ ಕಳಿಸಿದರು, ಕ್ಯಾಬ್ ಕಾರಿನಲ್ಲಿ ತೊಡೆ ಮೇಲೆ ಕೈ ಇಟ್ಟರು, ಬೇಡ ಎಂದಿದ್ದಕ್ಕೆ ಭಾನುವಾರದ ಶಿಫ್ಟ್ ಹಾಕಿದರು. ಒಂದೊಂದಕ್ಕೂ ಪ್ರತ್ಯೇಕವಾಗಿ ತೀರ್ಮಾನ ಬರೆದೆವು.

ಮೆಸೇಜ್ ಆಕೆಯ ಫೋನಿನಲ್ಲೇ ಇದ್ದವು, ಕಳಿಸಿದ್ದನ್ನು ಆತ ಒಪ್ಪಿಕೊಂಡರು. ಕಷ್ಟವಾಗಿದ್ದು ಕ್ಯಾಬ್ ಕಾರಿನ ಆರೋಪ. ‘ನಾನು ರಸ್ತೆ ನೋಡ್ತಿದ್ದೆ’ ಅಂದರು ಡ್ರೈವರ್. ಆದರೆ ಆಕೆ ಮನೆ ಇನ್ನೂ ದೂರವಿರುವಾಗಲೇ ಇಳಿದಿದ್ದರು, ಟ್ರಿಪ್ ಶೀಟಿನಲ್ಲಿ ಅದು ದಾಖಲಾಗಿತ್ತು. ಇಳಿದ ಕೂಡಲೇ ಗೆಳತಿಗೆ ಫೋನ್ ಮಾಡಿದ್ದರು. ಆ ಕರೆಯಲ್ಲಿ ಕೇಳಿದ್ದನ್ನು ಗೆಳತಿ ನಮ್ಮೆದುರು ಹೇಳಿದರು, ಅದು ಆಕೆಯ ಮಾತಿಗೆ ಹೊಂದಿತು. ಆತ ಲಿಖಿತ ಉತ್ತರದಲ್ಲಿ ಮುಂದಿನ ಸೀಟಿನಲ್ಲಿದ್ದೆ ಎಂದಿದ್ದರು. ವಿಚಾರಣೆಯಲ್ಲಿ ಹಿಂದೆ ಕೂತಿದ್ದೆ ಎಂದರು. ಇದನ್ನೆಲ್ಲ ಒಂದೊಂದಾಗಿ ಬರೆದು, ಆಕೆಯ ಮಾತನ್ನು ಯಾಕೆ ನಂಬಿದೆವು ಎಂದು ಹೇಳಿ, ಸಾಬೀತಾಗಿದೆ ಎಂದೆವು.

ಶಿಫ್ಟಿನ ಪಟ್ಟಿ ಮಾತ್ರ ಆ ಘಟನೆಗೂ ಮೊದಲೇ ಬೇರೊಬ್ಬರು ಮಾಡಿದ್ದು. ಆ ಆರೋಪ ಸಾಬೀತಾಗಲಿಲ್ಲ. ಹಾಗಂತ ಅದು ಸುಳ್ಳು ದೂರು ಅಲ್ಲ. ಸಾಬೀತು ಮಾಡಲು ಆಗದಿದ್ದ ಮಾತ್ರಕ್ಕೆ ದೂರುದಾರೆಯ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 14ನೇ ಕಲಮು ಹೇಳುತ್ತದೆ. ಇದನ್ನೂ ವರದಿಯಲ್ಲಿ ಬರೆಸಿದೆ.

ಶಿಫಾರಸಿಗೆ ಮೊದಲು ಕಂಪನಿಯ ಸೇವಾ ನಿಯಮ ತೆಗೆದು ನೋಡಿ. ಅದರಲ್ಲಿರುವ ಶಿಕ್ಷೆಯನ್ನೇ ಹೇಳಬೇಕು. ನಾವು ಒಂದು ಇಂಕ್ರಿಮೆಂಟ್ ತಡೆ, ಲಿಖಿತ ಕ್ಷಮಾಪಣೆ, ಆಕೆಯ ಕೌನ್ಸೆಲಿಂಗ್ ಖರ್ಚನ್ನು ಆತನ ಸಂಬಳದಿಂದ ಕೊಡಿಸುವುದು ಎಂದು ಬರೆದೆವು. ಕರಡಿನಲ್ಲಿ ಆಕೆಯನ್ನೇ ಬೇರೆ ಟೀಮಿಗೆ ಹಾಕುವ ಸಾಲೂ ಇತ್ತು. ನನಗೆ ತುಂಬಾ ಬೇಜಾರಾಯಿತು. ಆಕೆ ಯಾಕೆ ಜಾಗ ಬಿಡಬೇಕು? ಆ ಸಾಲನ್ನು ಹೊಡೆದು ಹಾಕಿಸಿ, ಆತನ ವರ್ಗಾವಣೆ ಸೇರಿಸಿದೆವು.

ಕೊನೆಯ ಸಹಿಗೆ ಮುಂಚೆ ತೀರ್ಮಾನದ ಪ್ರತಿಯನ್ನು ಇಬ್ಬರಿಗೂ ಕೊಟ್ಟು ಅವರ ಆಕ್ಷೇಪ ಕೇಳಿ. ಇದನ್ನು ಬಿಟ್ಟರೆ ಮೇಲ್ಮನವಿಯಲ್ಲಿ ವರದಿ ಬಿದ್ದುಹೋಗಬಹುದು. ವಿಚಾರಣೆ ಮುಗಿದ 10 ದಿನದೊಳಗೆ ವರದಿ ಮಾಲೀಕರ ಕೈಸೇರಬೇಕು. ಕ್ರಮ ಕೈಗೊಳ್ಳಲು ಅವರಿಗಿರುವುದು 60 ದಿನ.