ತುಟಿಯ ಗುಳ್ಳೆಯಿಂದ ಎದ್ದ ಅನುಮಾನ

ಬಾಗಲಕೋಟೆಯಲ್ಲಿ ಆಪ್ತಸಲಹೆಗೆ ಕೂತರೆ ಈ ತರದ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಗುರುತು ಸಿಗದ ಹಾಗೆ ಒಂದನ್ನು ಬರೆಯುತ್ತಿದ್ದೇನೆ. ಮದುವೆಯಾಗಿ ವರ್ಷ ತುಂಬದ ಹುಡುಗಿ. ಬಿಸಿಲಲ್ಲಿ ಜಾತ್ರೆ ಸುತ್ತಿ ಬಂದ ಮೇಲೆ ತುಟಿಗೆ ಗುಳ್ಳೆ ಎದ್ದವು. ಚರ್ಮದ ಡಾಕ್ಟರು ಚೀಟಿಯಲ್ಲಿ 'ಹರ್ಪಿಸ್' ಎಂದು ಬರೆದರು, ಗಂಡ ಮೊಬೈಲ್‌ನಲ್ಲಿ ಹುಡುಕಿದ, ಗುಪ್ತರೋಗ ಅಂತ ಓದಿದ, ಮಾತು ಬಿಟ್ಟ.

ಎರಡನೇ ಸಲ ಅತ್ತೆಯೂ ಬಂದಿದ್ದರು. ನಾನು ಯಾರ ನಡತೆಯ ಸುದ್ದಿಗೂ ಹೋಗಲಿಲ್ಲ, ಗುಳ್ಳೆ ಹೇಗೆ ಶುರುವಾಯಿತು ಹೇಳಮ್ಮ ಅಂದೆ. ಮೊದಲ ದಿನ ತುಟಿಯ ಅಂಚು ಬರೀ ಚುರುಚುರು ಅಂದಿತ್ತಂತೆ. ಮರುದಿನ ಒಂದೇ ಕಡೆ ಸಣ್ಣ ಸಣ್ಣ ನೀರಗುಳ್ಳೆ ಗುಂಪಾಗಿ ಎದ್ದವು, ಎರಡು ಮೂರು ದಿನಕ್ಕೆ ಒಡೆದು ಸೋರಿದವು, ಹಳದಿ ಹಕ್ಕಳೆ ಕಟ್ಟಿತು, ಹತ್ತು ದಿನದೊಳಗೆ ಕಲೆಯೂ ಇಲ್ಲದೆ ಹೋಯಿತು. ಕೇಳುತ್ತಾ ಕೂತಿದ್ದ ಅತ್ತೆ ತಟ್ಟನೆ ಮಗನ ಕಡೆ ತಿರುಗಿದರು. "ಇದು ನಿನಗೂ ಆಗ್ತಿತ್ತಲ್ಲೋ! ಪರೀಕ್ಷೆ ಬಂದಾಗೊಮ್ಮೆ, ಜ್ವರ ಬಂದಾಗೊಮ್ಮೆ, ಅದೇ ಜಾಗದಾಗ. ನಾನೇ ಸುಣ್ಣ ಹಚ್ತಿದ್ದೆ."

ಅವನ ಕೈ ತಾನಾಗಿ ತುಟಿಗೆ ಹೋಯಿತು. "ಅದು ಉಷ್ಣದ ಗುಳ್ಳೆರಿ ಮೇಡಂ, ಈಗಲೂ ಬಾಯೊಳಗ ಏಳ್ತಾವು" ಅಂದ.

ಇಲ್ಲೇ ಜನ ಎರಡನ್ನೂ ಕಲಸಿಬಿಡುತ್ತಾರೆ. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಆಗುವ ಬಾಯಿಹುಣ್ಣಿಗೆ ನೀರಗುಳ್ಳೆಯೇ ಇರುವುದಿಲ್ಲ, ನಡುವೆ ಬೆಳ್ಳಗೆ, ಸುತ್ತ ಕೆಂಪಗೆ ಒಂದು ಗುಂಡನೆಯ ಹುಣ್ಣು ಅಷ್ಟೇ. ಅದು ಅಂಟುವುದಿಲ್ಲ. ಹುಡುಗಿಗೆ ಆಗಿದ್ದು, ಚಿಕ್ಕಂದಿನಲ್ಲಿ ಇವನಿಗೆ ತುಟಿಗೆ ಆಗುತ್ತಿದ್ದದ್ದು, ಜ್ವರದ ಗುಳ್ಳೆ. ಡಾಕ್ಟರು ಹರ್ಪಿಸ್ ಅಂತ ಬರೆದದ್ದು ಇದನ್ನೇ. ಇದರ ವೈರಸ್ ಹೆಚ್ಚಾಗಿ ಬಾಲ್ಯದಲ್ಲೇ, ಮನೆಯವರು ಮುದ್ದಿಡುವಾಗ ಸೇರಿಕೊಂಡು ನರದಲ್ಲಿ ಸುಮ್ನೆ ಮಲಗಿರುತ್ತದೆ. ಬಿಸಿಲು, ಜ್ವರ, ಮುಟ್ಟು, ಒತ್ತಡ, ಯಾವುದಾದರೂ ನೆಪ ಸಿಕ್ಕರೆ ಏಳುತ್ತದೆ. ರಕ್ತಪರೀಕ್ಷೆ ಮಾಡಿಸಿದರೂ ಅದು ಯಾರಿಂದ ಬಂತು ಅಂತ ತಿಳಿಯುವುದಿಲ್ಲ.

ಇದಕ್ಕೂ ಗುಪ್ತಾಂಗಕ್ಕೂ ಸಂಬಂಧವೇ ಇಲ್ಲ ಅಂದುಬಿಟ್ಟಿದ್ದರೆ ಮನೆ ಬೇಗ ತಣ್ಣಗಾಗುತ್ತಿತ್ತು, ಯಾಕೆ ಹಾಗೆ ಹೇಳಲಿಲ್ಲ ಅಂತ ಜೊತೆಯವರೊಬ್ಬರು ಕೇಳಿದರು. ಸುಳ್ಳು ಹೇಳಿ ಕೂಡಿಸಿದ ಸಂಸಾರ ಮುಂದಿನ ಮೊಬೈಲ್ ಹುಡುಕಾಟಕ್ಕೇ ಒಡೆಯುತ್ತದೆ, ಅದಕ್ಕೇ ಹೇಳಲಿಲ್ಲ. ಬಾಯಿಂದ ಅಲ್ಲಿಗೂ ದಾಟಬಹುದು, ಗುಳ್ಳೆ ಕಾಣದಿದ್ದಾಗಲೂ ಒಮ್ಮೊಮ್ಮೆ ದಾಟುತ್ತದೆ. ಅದಕ್ಕೆ ಚುರುಚುರು ಶುರುವಾದಾಗಿಂದ ಹಕ್ಕಳೆ ಉದುರಿ ಚರ್ಮ ಕೂಡುವ ತನಕ ಮುತ್ತು ಬೇಡ, ಬಾಯಿ ತಾಗುವ ಸಂಗವೂ ಬೇಡ ಅಂದೆ.

ಅತ್ತೆಗೆ ಸುಣ್ಣ ಬಿಡಿಸಿದೆ, ಅದು ಚರ್ಮ ಸುಡುತ್ತದೆ. ಡಾಕ್ಟರು ಬರೆದ ಅಸೈಕ್ಲೋವಿರ್ ಮುಲಾಮನ್ನು ಚುರುಚುರು ಅಂದ ಕೂಡಲೇ ಹಚ್ಚಬೇಕು, ಗುಳ್ಳೆ ಎದ್ದ ಮೇಲೆ ಅದರ ಉಪಯೋಗ ಕಮ್ಮಿ. ಹತ್ತು ದಿನ ದಾಟಿದರೆ, ಕಣ್ಣು ಕೆಂಪಾಗಿ ನೋವಾದರೆ ಆಸ್ಪತ್ರೆಗೆ ಹೋಗಲೇಬೇಕು. ನಾದಿನಿ ಬಾಣಂತನಕ್ಕೆ ಬರುವವಳಿದ್ದಳು. ಹಸುಗೂಸಿಗೆ ಈ ವೈರಸ್ ಜೀವಕ್ಕೇ ಅಪಾಯ, ಗುಳ್ಳೆ ಇದ್ದವರು ಯಾರೇ ಆಗಲಿ ಕೂಸಿಗೆ ಮುತ್ತಿಡುವ ಹಾಗಿಲ್ಲ ಅಂದೆ. "ಯಾರೇ ಆಗಲಿ ಅಂದ್ರ ಇವನೂ ಬಂದ, ಅಲ್ವಾ ಮೇಡಂ?" ಅಂತ ಕೇಳಿದವರು ಅತ್ತೆಯೇ.